ಕಸ್ತೂರಿ ಅರಿಶಿನದ ಖರೀದಿ: ಹೊಲದಿಂದ ಗೋದಾಮಿನವರೆಗೆ ಅಸಲಿತನದ ಪರೀಕ್ಷೆ

ಗಿಡಮೂಲಿಕೆ ಆಧಾರಿತ ಸೌಂದರ್ಯವರ್ಧಕಗಳ ತಯಾರಿಕೆಗೆ ಇಳಿದಿರುವ ಸಣ್ಣ ಉದ್ಯಮಿಗಳು ಮೊದಲು ಕೊಳ್ಳುವ ಕಚ್ಚಾ ಸಾಮಗ್ರಿಗಳಲ್ಲಿ ಕಸ್ತೂರಿ ಅರಿಶಿನವೂ ಒಂದು. ಮುಖಲೇಪ, ಸ್ನಾನದ ಪುಡಿ, ಸಾಬೂನು ಇವೆಲ್ಲದರ ಪೊಟ್ಟಣಗಳ ಮೇಲೆ ಅದರ ಹೆಸರು ಕಾಣಿಸುತ್ತದೆ. ಆದರೆ ಹೆಸರಿಗೂ ಒಳಗಿನ ವಸ್ತುವಿಗೂ ಇಷ್ಟು ದೂರದ ಸಂಬಂಧವಿರುವ ಸಾಮಗ್ರಿ ಮತ್ತೊಂದು ಸಿಗುವುದು ಕಷ್ಟ. ದಕ್ಷಿಣ ಭಾರತದ ಮಾರುಕಟ್ಟೆಯಲ್ಲಿ ಕಸ್ತೂರಿ ಅರಿಶಿನವೆಂದು ಮಾರಾಟವಾಗುವ ಸರಕಿನಲ್ಲಿ ಬಹುಪಾಲು ಬೇರೆಯೇ ಗಿಡದ ಗೆಡ್ಡೆ ಎಂಬುದನ್ನು ಸಸ್ಯವಿಜ್ಞಾನಿಗಳು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ಕೇರಳದಲ್ಲಿ ‘ಮಂಞಕ್ಕೂವ’ ಎಂದು ಕರೆಯಲ್ಪಡುವ ಗೆಡ್ಡೆ ‘ಕಸ್ತೂರಿ ಮಂಞಳ್’ ಎಂಬ ಹೆಸರಿನಲ್ಲಿ ಅಂಗಡಿಗೆ ಬರುವುದು ಇದಕ್ಕೆ ಪ್ರಸಿದ್ಧ ಉದಾಹರಣೆ.

ಇದನ್ನು ಕೇವಲ ವ್ಯಾಪಾರಿಗಳ ವಂಚನೆಯೆಂದು ತಳ್ಳಿಹಾಕುವುದು ಸರಿಯಾಗದು. ಸಗಟು ವ್ಯಾಪಾರಿಯೂ ಹೆಸರನ್ನು ನಂಬಿಯೇ ಸರಕು ಕೊಂಡಿರುತ್ತಾನೆ. ಅವನಿಗೆ ಸರಕು ಕೊಟ್ಟ ಸಂಗ್ರಾಹಕನೂ ಹಾಗೆಯೇ. ಗೆಡ್ಡೆ ಒಣಗಿ ಪುಡಿಯಾದ ಮೇಲೆ ಅದನ್ನು ಗುರುತಿಸುವ ಸಾಧನಗಳು ಒಂದೊಂದಾಗಿ ಕೈತಪ್ಪಿ ಹೋಗುವುದೇ ಮೂಲ ಸಮಸ್ಯೆ. ಹೊಲದಲ್ಲಿ ಎಲೆಯನ್ನು ಮುಟ್ಟಿದರೆ ತಿಳಿಯುತ್ತಿದ್ದ ಸಂಗತಿಯನ್ನು ಪುಡಿಯಲ್ಲಿ ತಿಳಿಯಲು ಪ್ರಯೋಗಾಲಯಕ್ಕೆ ಹಣ ತೆರಬೇಕಾಗುತ್ತದೆ. ಆದ್ದರಿಂದ ಈ ಸಾಮಗ್ರಿಯನ್ನು ಯಾವ ಹಂತದಲ್ಲಿ ನೋಡಬೇಕು, ಏನನ್ನು ನೋಡಬೇಕು, ಯಾವ ಪರೀಕ್ಷೆಯಿಂದ ಎಷ್ಟು ತಿಳಿಯುತ್ತದೆ ಎಂಬುದನ್ನು ಒಂದು ಉದಾಹರಣೆಯ ಮೂಲಕ ವಿವರಿಸುವುದು ಈ ಲೇಖನದ ಉದ್ದೇಶ.

ಒಂದೇ ಹೆಸರು, ಹಲವು ಗೆಡ್ಡೆಗಳು

ನಿಜವಾದ ಕಸ್ತೂರಿ ಅರಿಶಿನದ ಸಸ್ಯಶಾಸ್ತ್ರೀಯ ನಾಮ ಕರ್ಕುಮಾ ಅರೋಮ್ಯಾಟಿಕಾ. ಅಡುಗೆಯ ಅರಿಶಿನ ಕರ್ಕುಮಾ ಲಾಂಗಾ. ಇವೆರಡೂ ಒಂದೇ ಕುಲಕ್ಕೆ ಸೇರಿದ ಹತ್ತಿರದ ಬಂಧುಗಳಾದರೂ ಗುಣದಲ್ಲಿ ಬೇರೆ ಬೇರೆ. ಅಡುಗೆಯ ಅರಿಶಿನಕ್ಕೆ ಹಳದಿ ಬಣ್ಣ ಕೊಡುವ ಕರ್ಕ್ಯುಮಿನ್ ಎಂಬ ವರ್ಣದ್ರವ್ಯ ಕಸ್ತೂರಿ ಅರಿಶಿನದಲ್ಲಿ ಅತ್ಯಲ್ಪ. ಹೀಗಾಗಿ ಅದರ ಪುಡಿ ಗಾಢ ಹಳದಿಯಾಗಿರದೆ ಕೆನೆಬಣ್ಣಕ್ಕೆ ಅಥವಾ ತಿಳಿಹಳದಿಗೆ ಹತ್ತಿರವಿರುತ್ತದೆ. ಚರ್ಮದ ಮೇಲೆ ಕಲೆ ಉಳಿಸದೆ ಲೇಪಕ್ಕೆ ಒದಗುವುದು ಈ ಕಾರಣದಿಂದಲೇ. ಅದರ ಪರಿಮಳದಲ್ಲಿ ಕರ್ಪೂರದ ಛಾಯೆ ಸ್ಪಷ್ಟವಾಗಿರುತ್ತದೆ.

ಇದರ ಸ್ಥಾನದಲ್ಲಿ ಬರುವ ಗೆಡ್ಡೆಗಳು ಮುಖ್ಯವಾಗಿ ಮೂರು. ಮೊದಲನೆಯದು ಮೇಲೆ ಹೇಳಿದ ಮಂಞಕ್ಕೂವ. ಇದರ ಗೆಡ್ಡೆ ದಪ್ಪ, ಒಳಭಾಗ ಹಳದಿ. ಈ ಗುಂಪಿನ ಗಿಡಗಳನ್ನು ಕೆಲವು ಗ್ರಂಥಗಳು ಕರ್ಕುಮಾ ಝೆಡೋರಿಯಾ ಎಂದೂ ಇನ್ನು ಕೆಲವು ಕರ್ಕುಮಾ ಝ್ಯಾಂಥೋರೈಝಾ ಎಂದೂ ಕರೆದಿವೆ. ಹೆಸರಿನ ಬಗ್ಗೆ ವಿದ್ವಾಂಸರಲ್ಲೇ ಭಿನ್ನಾಭಿಪ್ರಾಯವಿದೆ. ಎರಡನೆಯದು ಅಡುಗೆಯ ಅರಿಶಿನವೇ. ಇದನ್ನು ಹಿಟ್ಟಿನೊಡನೆ ಬೆರೆಸಿ ಬಣ್ಣವನ್ನು ತಿಳಿಯಾಗಿಸಬಹುದು. ಮೂರನೆಯದು ಮಾವಿನಶುಂಠಿ. ಉತ್ತರ ಭಾರತದ ವ್ಯಾಪಾರದಲ್ಲಿ ‘ಅಂಬಾ ಹಲ್ದಿ’ ಎಂಬ ಒಂದೇ ಹೆಸರಿನಲ್ಲಿ ಮಾವಿನಶುಂಠಿಯೂ ಬೇರೆ ಕಾಡು ಅರಿಶಿನಗಳೂ ಓಡಾಡುವುದರಿಂದ ಅಲ್ಲಿಂದ ತರಿಸುವವರು ಹೆಚ್ಚು ಎಚ್ಚರದಿಂದಿರಬೇಕು.

ಇಲ್ಲಿ ಒಂದು ವಿಪರ್ಯಾಸವನ್ನು ಗಮನಿಸಬೇಕು. ದಶಕಗಳಿಂದ ಹಳದಿ ಪುಡಿಯನ್ನೇ ಕಸ್ತೂರಿ ಅರಿಶಿನವೆಂದು ಕೊಂಡು ರೂಢಿಯಾದ ಗ್ರಾಹಕರಿಗೆ ಅಸಲಿ ಕೆನೆಬಣ್ಣದ ಪುಡಿಯನ್ನು ಕೊಟ್ಟರೆ ಅದೇ ಕಲಬೆರಕೆಯಂತೆ ಕಾಣುತ್ತದೆ. ಅಸಲಿ ಸರಕನ್ನು ಹುಡುಕಿ ತರುವ ಉದ್ಯಮಿ ಈ ದೂರನ್ನು ಎದುರಿಸಲು ಮೊದಲೇ ಸಿದ್ಧನಾಗಿರಬೇಕು. ಬಣ್ಣ ಬರಲೆಂದು ಒಂದಿಷ್ಟು ಅಡುಗೆಯ ಅರಿಶಿನವನ್ನು ಸೇರಿಸಿ ಕಸ್ತೂರಿ ಅರಿಶಿನವೆಂದಷ್ಟೇ ಮುದ್ರಿಸಿದರೆ ಸಗಟು ವ್ಯಾಪಾರಿಯ ಮೇಲೆ ನಾವು ಹೊರಿಸುವ ತಪ್ಪನ್ನು ನಾವೇ ಮಾಡಿದಂತಾಗುತ್ತದೆ.

ಲೆಕ್ಕಾಚಾರವೇ ಮೊದಲ ಪರೀಕ್ಷೆ

ಮೈಸೂರಿನಲ್ಲಿ ಮುಖಲೇಪ ತಯಾರಿಸುವ ಒಂದು ಸಣ್ಣ ಘಟಕವನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳೋಣ. ಅದಕ್ಕೆ ವರ್ಷಕ್ಕೆ 200 ಕಿಲೋ ಪುಡಿ ಬೇಕು. ಗಿರಣಿಯಲ್ಲಿ ಮತ್ತು ಜರಡಿಯಲ್ಲಿ ನೂರಕ್ಕೆ 5ರಷ್ಟು ನಷ್ಟವಾಗುತ್ತದೆಂದು ಹಿಡಿದರೆ ಸುಮಾರು 210 ಕಿಲೋ ಒಣ ಹೋಳು ಬೇಕಾಗುತ್ತದೆ. ಹಸಿ ಗೆಡ್ಡೆ ಒಣಗಿದಾಗ ಸುಮಾರು ಐದರಲ್ಲಿ ಒಂದು ಭಾಗ ಉಳಿಯುತ್ತದೆ. ಎಂದರೆ ತೊಳೆದು ಶುಚಿಗೊಳಿಸಿದ ಹಸಿ ಗೆಡ್ಡೆ 1,050 ಕಿಲೋದಷ್ಟು ಬೇಕು.

ಇಳುವರಿ ಮಣ್ಣು, ನೀರು, ಆರೈಕೆಗಳನ್ನು ಅವಲಂಬಿಸಿರುತ್ತದೆ. ಎಕರೆಗೆ 6 ಟನ್ ಹಸಿ ಗೆಡ್ಡೆ ಎಂಬ ಸಾಧಾರಣ ಅಂದಾಜನ್ನು ಇಟ್ಟುಕೊಂಡರೆ ಗುಂಟೆಗೆ 150 ಕಿಲೋ ಆಯಿತು. ಮುಂದಿನ ವರ್ಷದ ಬಿತ್ತನೆಗೆ ರೈತ ಗುಂಟೆಗೆ ಸುಮಾರು 25 ಕಿಲೋ ಗೆಡ್ಡೆಯನ್ನು ಎತ್ತಿಡಬೇಕು. ಹೀಗೆ 10 ಗುಂಟೆಯಲ್ಲಿ 1,500 ಕಿಲೋ ಬೆಳೆದರೆ ಬಿತ್ತನೆಯ 250 ಕಿಲೋ ಕಳೆದು 1,250 ಕಿಲೋ ಉಳಿಯುತ್ತದೆ. ಒಣಗಿದ ಮೇಲೆ 250 ಕಿಲೋ ಹೋಳು ಸಿಗುತ್ತದೆ. ನಮ್ಮ ಘಟಕದ ವರ್ಷದ ಅಗತ್ಯವನ್ನು ಒಬ್ಬ ರೈತನ ಕಾಲು ಎಕರೆ ಪೂರೈಸಬಲ್ಲದು, ಜೊತೆಗೆ 40 ಕಿಲೋದಷ್ಟು ಮಿಗುತ್ತದೆ.

ಈ ಲೆಕ್ಕ ಬರೀ ಯೋಜನೆಗಾಗಿ ಅಲ್ಲ. ಯಾರಾದರೂ ಮಧ್ಯವರ್ತಿ ತನ್ನ ಒಂದು ಎಕರೆಯಿಂದ 3 ಟನ್ ಒಣ ಹೋಳು ಕೊಡುವೆನೆಂದರೆ, ಬಿತ್ತನೆ ಕಳೆದು ಒಂದು ಎಕರೆಯಿಂದ ಬರಬಹುದಾದದ್ದು ಒಂದು ಟನ್ನಿನ ಆಸುಪಾಸು ಎಂಬುದು ನಮಗೆ ತಿಳಿದಿರುತ್ತದೆ. ಉಳಿದ 2 ಟನ್ ಬೇರೆಲ್ಲಿಂದಲೋ ಬರುತ್ತಿದೆ. ಬೆಲೆಯನ್ನೂ ಹೀಗೆಯೇ ತಾಳೆ ನೋಡಬಹುದು. ಅಸಲಿ ಹಸಿ ಗೆಡ್ಡೆಗೆ ಹೊಲದಲ್ಲೇ ಕಿಲೋಗೆ 60 ರೂಪಾಯಿ ಇದೆಯೆಂದು ಭಾವಿಸೋಣ. ಒಂದು ಕಿಲೋ ಒಣ ಹೋಳಿಗೆ ಗೆಡ್ಡೆಯ ಬೆಲೆಯೇ 300 ರೂಪಾಯಿ ಆಗುತ್ತದೆ. ತೊಳೆಯುವ, ಹೆಚ್ಚುವ, ಒಣಗಿಸುವ, ಬೀಸುವ ಕೂಲಿ ಬೇರೆ. ಅದೇ ಹಂಗಾಮಿನಲ್ಲಿ 220 ರೂಪಾಯಿಗೆ ಪುಡಿ ಕೊಡುವೆನೆಂಬ ಪಟ್ಟಿ ಕೈಗೆ ಬಂದರೆ ಆ ಪುಡಿಯನ್ನು ಪರೀಕ್ಷೆಗೆ ಕಳುಹಿಸುವ ಅಗತ್ಯವೇ ಇಲ್ಲ. ಹಸಿ ಬೆಲೆಯ ಐದು ಪಟ್ಟಿಗಿಂತ ಕಡಿಮೆಯ ದರ ತಾನೇ ಸಾಕ್ಷಿ ನುಡಿಯುತ್ತದೆ.

ಹೊಲದಲ್ಲಿ ನೋಡಬೇಕಾದದ್ದು

ಅರಿಶಿನದಂತೆಯೇ ಕಸ್ತೂರಿ ಅರಿಶಿನವನ್ನೂ ಮುಂಗಾರಿನ ಆರಂಭಕ್ಕೆ, ಮೇ–ಜೂನ್ ವೇಳೆಗೆ ನಾಟಿ ಮಾಡಿ, ಎಲೆಗಳು ಒಣಗಿದ ಮೇಲೆ ಜನವರಿ–ಫೆಬ್ರವರಿಯಲ್ಲಿ ಕೀಳುತ್ತಾರೆ. ಹೆಚ್ಚಿನ ಉದ್ಯಮಿಗಳು ರೈತನ ಬಳಿಗೆ ಹೋಗುವುದು ಕಿತ್ತ ಮೇಲೆ. ಆಗ ಎಲೆಯೂ ಇಲ್ಲ, ಹೂವೂ ಇಲ್ಲ. ಹೋಗಬೇಕಾದದ್ದು ಆಗಸ್ಟ್‌ನಿಂದ ಅಕ್ಟೋಬರ್‌ವರೆಗಿನ ಕಾಲದಲ್ಲಿ, ಗಿಡ ಎಲೆದುಂಬಿ ನಿಂತಿರುವಾಗ. ಖರೀದಿಯ ಕಾಲ ಬೇರೆ, ಗುರುತಿಸುವ ಕಾಲ ಬೇರೆ ಎಂಬುದನ್ನು ಮರೆತಲ್ಲಿಂದಲೇ ತೊಂದರೆ ಆರಂಭವಾಗುತ್ತದೆ.

ಎಲೆಯಲ್ಲಿ ನೋಡಬೇಕಾದ ಸಂಗತಿಗಳು ಎರಡೇ. ಮೊದಲು ಎಲೆಯ ನಡುದಿಂಡಿನ ಉದ್ದಕ್ಕೂ ನೇರಳೆ ಅಥವಾ ಕಂದುಗೆಂಪು ಪಟ್ಟೆ ಇದೆಯೇ ಎಂದು ನೋಡಬೇಕು. ಇದ್ದರೆ ಅದು ಮಂಞಕ್ಕೂವ ಅಥವಾ ಅದರ ಬಳಗದ ಗಿಡ; ಅಲ್ಲಿಗೆ ಮಾತು ಮುಗಿಯಿತು. ಪಟ್ಟೆ ಎಳೆಯ ಎಲೆಗಳಲ್ಲಿ ಎದ್ದು ಕಾಣುವುದರಿಂದ ಬಲಿತ ಎಲೆಯನ್ನು ಮಾತ್ರ ನೋಡಿ ತೀರ್ಮಾನಿಸಬಾರದು. ಪಟ್ಟೆಯಿಲ್ಲದೆ ಎಲೆ ಪೂರ್ಣ ಹಸಿರಾಗಿದ್ದರೆ ಅದರ ಕೆಳಮೈಯನ್ನು ಬೆರಳಿನಿಂದ ಸವರಬೇಕು. ಕಸ್ತೂರಿ ಅರಿಶಿನದ ಎಲೆಯ ಕೆಳಮೈ ಒತ್ತಾದ ಸಣ್ಣ ರೋಮಗಳಿಂದ ಮಖಮಲ್ಲಿನಂತೆ ಮೆತ್ತಗಿರುತ್ತದೆ. ಅಡುಗೆಯ ಅರಿಶಿನದ ಎಲೆ ನುಣುಪಾಗಿರುತ್ತದೆ. ಪಕ್ಕದ ಹೊಲದಿಂದ ಒಂದು ಅರಿಶಿನದ ಎಲೆಯನ್ನು ಕಿತ್ತು ತಂದು ಎರಡನ್ನೂ ಕೈಯಲ್ಲಿ ಹಿಡಿದರೆ ವ್ಯತ್ಯಾಸ ಯಾರಿಗೂ ತಿಳಿಯುತ್ತದೆ.

ಹೂವೂ ಒಂದಿಷ್ಟು ಸಹಾಯ ಮಾಡುತ್ತದೆ. ಕಸ್ತೂರಿ ಅರಿಶಿನದ ಹೂಗೊಂಚಲು ಬೇಸಿಗೆಯ ಕೊನೆಗೆ, ಎಲೆ ಮೂಡುವುದಕ್ಕೆ ಮುಂಚೆ, ನೆಲದಿಂದ ಪ್ರತ್ಯೇಕವಾಗಿ ಮೇಲೇಳುತ್ತದೆ. ಅಡುಗೆಯ ಅರಿಶಿನದ ಹೂವಾದರೋ ಮಳೆಗಾಲದಲ್ಲಿ ಎಲೆಗಳ ನಡುವಿನಿಂದ ಹೊರಡುತ್ತದೆ. ಆದರೆ ಮಂಞಕ್ಕೂವದ ಹೂವೂ ನೆಲದಿಂದಲೇ ಏಳುವುದರಿಂದ ಹೂವನ್ನು ಮಾತ್ರ ನಂಬಿದರೆ ಸಾಲದು. ಎಲೆಯ ಸಾಕ್ಷ್ಯವೇ ಮುಖ್ಯ.

ಮೊದಲ ವರ್ಷ ಈ ನಿರ್ಣಯವನ್ನು ಉದ್ಯಮಿ ಒಬ್ಬನೇ ಮಾಡಬಾರದು. ಹೊಲದಿಂದ ಗೆಡ್ಡೆ ಸಹಿತ ಒಂದು ಪೂರ್ಣ ಗಿಡವನ್ನು ತೆಗೆದು, ಸಾಧ್ಯವಾದರೆ ಹೂವಿನ ಛಾಯಾಚಿತ್ರವನ್ನೂ ಸೇರಿಸಿ, ಸಸ್ಯವರ್ಗೀಕರಣ ಬಲ್ಲವರಿಗೆ ತೋರಿಸಿ ಲಿಖಿತ ಗುರುತಿನ ಪತ್ರ ಪಡೆಯಬೇಕು. ವಿಶ್ವವಿದ್ಯಾಲಯಗಳ ಸಸ್ಯಶಾಸ್ತ್ರ ವಿಭಾಗಗಳಲ್ಲಿ ಈ ಕೆಲಸ ಬಲ್ಲವರಿರುತ್ತಾರೆ. ಬೆಂಗಳೂರಿನ ಎಫ್.ಆರ್.ಎಲ್.ಎಚ್.ಟಿ. ಸಂಸ್ಥೆ ಔಷಧಿ ಸಸ್ಯಗಳ ಹರ್ಬೇರಿಯಂ ಮತ್ತು ಕಚ್ಚಾ ಮೂಲಿಕೆಗಳ ಸಂಗ್ರಹವನ್ನು ರೂಪಿಸಿದೆ; ಕೋಳಿಕ್ಕೋಡಿನಲ್ಲಿ ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯಿದೆ. ಹೀಗೆ ಗುರುತಿಸಲ್ಪಟ್ಟ ಗಿಡದ ಗೆಡ್ಡೆಯನ್ನು ಹೋಳು ಮಾಡಿ ಒಣಗಿಸಿ, ಗಾಳಿಯಾಡದ ಗಾಜಿನ ಸೀಸೆಯಲ್ಲಿ ಬೆಳಕು ಬೀಳದಂತೆ ಇಟ್ಟುಕೊಂಡರೆ ಅದು ಘಟಕದ ‘ಆಧಾರ ಮಾದರಿ’ಯಾಗುತ್ತದೆ. ಪರಿಮಳ ಕಾಲಕ್ರಮದಲ್ಲಿ ಕುಂದುವುದರಿಂದ ಪ್ರತಿ ಕಟಾವಿಗೂ ಅದನ್ನು ಹೊಸದಾಗಿಸಬೇಕು. ಮುಂದೆ ಹೇಳುವ ಎಲ್ಲ ಪರೀಕ್ಷೆಗಳೂ ಈ ಮಾದರಿಯೊಡನೆ ಹೋಲಿಸಿ ಮಾಡುವಂಥವು. ಅದಿಲ್ಲದಿದ್ದರೆ ಪರೀಕ್ಷೆಗೆ ಅಳತೆಗೋಲೇ ಇಲ್ಲದಂತಾಗುತ್ತದೆ.

ರೈತನೊಡನೆ ಒಪ್ಪಂದ

ಹೊಲದ ಆಯ್ಕೆಯಲ್ಲಿ ಸುಲಭವಾಗಿ ಮರೆತುಹೋಗುವ ಒಂದು ಅಂಶವಿದೆ. ಚಾಮರಾಜನಗರ, ಗುಂಡ್ಲುಪೇಟೆಯ ಕಡೆ ಅಡುಗೆಯ ಅರಿಶಿನದ ಬೇಸಾಯ ವಾಡಿಕೆಯಲ್ಲಿದೆ. ಹಿಂದಿನ ವರ್ಷ ಅರಿಶಿನ ಬೆಳೆದ ನೆಲದಲ್ಲಿ ಉಳಿದುಹೋದ ಗೆಡ್ಡೆಯ ತುಂಡುಗಳು ಮಳೆ ಬಿದ್ದೊಡನೆ ಮೊಳೆತು ಕಸ್ತೂರಿ ಅರಿಶಿನದ ಸಾಲಿನಲ್ಲೇ ಬೆಳೆಯುತ್ತವೆ. ಯಾರೂ ಬೆರೆಸದಿದ್ದರೂ ಸರಕು ಬೆರಕೆಯಾಗುವ ಬಗೆ ಇದು. ಆದುದರಿಂದ ಹಿಂದಿನ ಹಂಗಾಮಿನಲ್ಲಿ ಅರಿಶಿನ ಬೆಳೆಯದ ತಾಕನ್ನೇ ಆರಿಸಬೇಕು. ಸೆಪ್ಟೆಂಬರ್ ಭೇಟಿಯಲ್ಲಿ ಸಾಲುಗಳ ನಡುವೆ ನಡೆದು ನುಣುಪು ಎಲೆಯ ಗಿಡಗಳನ್ನು ಕೀಳಿಸಬೇಕು. ಕಟಾವಿನ ನಂತರವೂ ಕಣ ಒಂದೇ, ಮೆರುಗು ಕೊಡುವ ಪೀಪಾಯಿ ಒಂದೇ ಆದರೆ ಅಲ್ಲಿಯೂ ಬೆರಕೆಯಾಗುತ್ತದೆ.

ಸಂಸ್ಕರಣೆಯ ಕ್ರಮವನ್ನು ಒಪ್ಪಂದದಲ್ಲಿ ಸ್ಪಷ್ಟವಾಗಿ ಬರೆಯುವುದು ಅಗತ್ಯ. ಅಡುಗೆಯ ಅರಿಶಿನವನ್ನು ಬೇಯಿಸಿ ಒಣಗಿಸುವುದು ರೂಢಿ. ಕಸ್ತೂರಿ ಅರಿಶಿನವನ್ನು ಬೇಯಿಸದೆ, ಚೆನ್ನಾಗಿ ತೊಳೆದು, 3ರಿಂದ 5 ಮಿಲಿಮೀಟರ್ ದಪ್ಪದ ಹೋಳುಗಳಾಗಿ ಹೆಚ್ಚಿ, ನೆರಳಿನಲ್ಲಿ ಅಥವಾ 50 ಡಿಗ್ರಿ ಸೆಲ್ಷಿಯಸ್ ಮೀರದ ಡ್ರೈಯರ್‌ನಲ್ಲಿ ಒಣಗಿಸಬೇಕು. ಬೇಯಿಸಿದರೆ ಪರಿಮಳದ ತೈಲ ಹಾರಿಹೋಗುತ್ತದೆ. ನೆಲದ ಮೇಲೆ ಹರಡಿದರೆ ಮರಳು ಸೇರುತ್ತದೆ. ನಿಧಾನವಾಗಿ ಒಣಗಿದರೆ ಬೂಷ್ಟು ಹಿಡಿಯುತ್ತದೆ. ಹೋಳನ್ನು ಬಗ್ಗಿಸಿದಾಗ ಬಾಗದೆ ಟಕ್ಕನೆ ಮುರಿಯಬೇಕು. ಅದು ತೇವಾಂಶ ನೂರಕ್ಕೆ 10ರ ಆಸುಪಾಸಿಗೆ ಬಂದಿರುವುದರ ಅಂದಾಜು ಸೂಚನೆ.

ನಷ್ಟದ ಹೊಣೆಯನ್ನು ಹಂಚುವಾಗ ನ್ಯಾಯ ಮುಖ್ಯ. ಬಿತ್ತನೆಯ ಗೆಡ್ಡೆಯನ್ನು ಘಟಕವೇ ಒದಗಿಸಿ, ಹೊಲದಲ್ಲಿ ಎಲೆ ನೋಡಿ ಒಪ್ಪಿದ ಮೇಲೆ, ಫೆಬ್ರವರಿಯಲ್ಲಿ ‘ಇದು ಆ ಜಾತಿಯಲ್ಲ’ ಎಂದು ಸರಕನ್ನು ಹಿಂದಕ್ಕೆ ಕಳುಹಿಸುವುದು ರೈತನಿಗೆ ಮಾಡುವ ಅನ್ಯಾಯ. ಎಂಟು–ಒಂಬತ್ತು ತಿಂಗಳು ನೆಲವನ್ನು ಕಟ್ಟಿಹಾಕಿದ ಬೆಳೆಗೆ ಸ್ಥಳೀಯ ಮಂಡಿಯಲ್ಲಿ ಬೇರೆ ಕೊಳ್ಳುವವರು ಸಿಗುವುದು ದುರ್ಲಭ. ಹೀಗಾಗಿ ಜಾತಿಯ ಹೊಣೆ ಘಟಕದ್ದು. ತೇವ, ಮಣ್ಣು, ಬೆರಕೆಗಳ ಹೊಣೆ ರೈತನದು ಎಂದು ಬರೆದುಕೊಳ್ಳುವುದು ಉಚಿತ. ಹಣವನ್ನೂ ನಾಟಿಯ ವೇಳೆ ಒಂದು ಭಾಗ, ಹೊಲ ಪರಿಶೀಲನೆಯ ನಂತರ ಒಂದು ಭಾಗ, ಒಣ ಹೋಳು ಕೈಸೇರಿದ ಮೇಲೆ ಉಳಿದದ್ದು ಎಂದು ಮೂರು ಕಂತುಗಳಲ್ಲಿ ಕೊಟ್ಟರೆ ರೈತನೂ ಬೆಳೆಯನ್ನು ಬೇರೆಯವರಿಗೆ ತಿರುಗಿಸದೆ ಉಳಿಸಿಕೊಳ್ಳುತ್ತಾನೆ.

ಕಾಡಿನಿಂದ ಬಂದ ಗೆಡ್ಡೆಗೆ ಅರಣ್ಯ ಇಲಾಖೆಯ ನಿಯಮಗಳು ಮತ್ತು 2002ರ ಜೀವವೈವಿಧ್ಯ ಕಾಯಿದೆ ಅನ್ವಯಿಸುತ್ತವೆ. ಈ ಕಾಯಿದೆಗೆ 2023ರಲ್ಲಿ ಆದ ತಿದ್ದುಪಡಿಯು ಬೇಸಾಯ ಮಾಡಿದ ಔಷಧಿ ಸಸ್ಯಗಳಿಗೆ ವಿನಾಯಿತಿ ನೀಡಿದೆ. ಆದರೆ ಬೇಸಾಯದ ಬೆಳೆ ಎಂಬುದಕ್ಕೆ ನಿಗದಿತ ಮೂಲ ಪ್ರಮಾಣಪತ್ರ ಬೇಕಾಗುತ್ತದೆ. ರೈತನ ಪಹಣಿ, ನಾಟಿಯ ದಿನಾಂಕ, ಹೊಲದ ಛಾಯಾಚಿತ್ರಗಳನ್ನು ಕಡತದಲ್ಲಿಟ್ಟರೆ ಈ ಕೆಲಸವೂ ಸುಗಮವಾಗುತ್ತದೆ.

ಸಗಟು ವ್ಯಾಪಾರಿಯಿಂದ ಕೊಳ್ಳುವಾಗ

ಮೊದಲ ವರ್ಷ, ಅಥವಾ ಬೆಳೆ ಕೈಕೊಟ್ಟ ವರ್ಷ, ಸಗಟು ಅಂಗಡಿಗೆ ಹೋಗದೆ ವಿಧಿಯಿಲ್ಲ. ಗ್ರಂಧಿಗೆ ಅಂಗಡಿಯವರಲ್ಲಿ ತಲೆಮಾರುಗಳಿಂದ ಮೂಲಿಕೆಗಳನ್ನು ಬಲ್ಲವರಿದ್ದಾರೆ. ಅವರ ಅನುಭವವನ್ನು ಉಪಯೋಗಿಸಿಕೊಳ್ಳುವುದು ವಿವೇಕ. ಆದರೆ ‘ಕಸ್ತೂರಿ ಅರಿಶಿನ, 200 ಕಿಲೋ, ಒಳ್ಳೆಯ ಮಾಲು’ ಎಂದಷ್ಟೇ ಬರೆದ ಆರ್ಡರಿಗೆ ಯಾವ ಹಳದಿ ಗೆಡ್ಡೆ ಬಂದರೂ ಅದು ಆರ್ಡರಿನ ಉಲ್ಲಂಘನೆ ಆಗುವುದಿಲ್ಲ. ಸಸ್ಯಶಾಸ್ತ್ರೀಯ ಹೆಸರು, ಬೇಯಿಸದ ಒಣ ಹೋಳು ಎಂಬ ರೂಪ, ಕಟಾವಿನ ವರ್ಷ, ಬಂದ ಜಿಲ್ಲೆ, ತೇವಾಂಶದ ಮಿತಿ, ಆಧಾರ ಮಾದರಿಗೆ ಹೊಂದದಿದ್ದರೆ ವಾಪಸು ಪಡೆಯುವ ಷರತ್ತು ಇಷ್ಟನ್ನಾದರೂ ಆರ್ಡರಿನಲ್ಲಿ ಬರೆಯಬೇಕು.

ಪುಡಿಯನ್ನು ಕೊಳ್ಳಬಾರದೆಂಬುದು ಇಲ್ಲಿಯ ಮುಖ್ಯ ನಿಯಮ. ಹೋಳಿನಲ್ಲಿ ಬಣ್ಣ, ಗಾತ್ರ, ಸಿಪ್ಪೆ, ಮುರಿದ ಮೈ, ವಾಸನೆ ಎಲ್ಲವೂ ಉಳಿದಿರುತ್ತವೆ. ಅನ್ಯ ಹೋಳು ಬೆರೆತಿದ್ದರೆ ಕಣ್ಣಿಗೆ ಕಾಣುತ್ತದೆ. ಆರಿಸಿ ತೆಗೆದು ತೂಗಿ, ನೂರಕ್ಕೆ ಎಷ್ಟೆಂದು ವ್ಯಾಪಾರಿಗೇ ತೋರಿಸಬಹುದು. ಪುಡಿಯಲ್ಲಿ ಇದೊಂದೂ ಸಾಧ್ಯವಿಲ್ಲ. ಬೀಸುವ ಕೆಲಸವನ್ನು ಘಟಕದಲ್ಲೇ ಅಥವಾ ನಮ್ಮೆದುರಿಗೆ ಶುಚಿಗೊಳಿಸಿದ ಗಿರಣಿಯಲ್ಲಿ ಮಾಡಿಸುವುದಕ್ಕೆ ತಗಲುವ ಹೆಚ್ಚುವರಿ ಖರ್ಚು ಒಂದು ಬ್ಯಾಚ್ ಹಿಂದಿರುಗುವ ನಷ್ಟದ ಮುಂದೆ ಅಲ್ಪವೇ ಸರಿ.

ಗೋದಾಮಿನಲ್ಲಿ ಪರೀಕ್ಷೆ

ನಮ್ಮ ಉದಾಹರಣೆಯ ಘಟಕಕ್ಕೆ 25 ಕಿಲೋದ 9 ಚೀಲ ಹೋಳು ಬಂದಿದೆಯೆಂದು ಭಾವಿಸೋಣ. ಚೀಲಗಳ ಸಂಖ್ಯೆಯ ವರ್ಗಮೂಲಕ್ಕೆ ಒಂದನ್ನು ಕೂಡಿಸಿ ಅಷ್ಟು ಚೀಲಗಳಿಂದ ಮಾದರಿ ತೆಗೆಯುವುದು ರೂಢಿಯ ಸೂತ್ರ. 9 ಚೀಲಕ್ಕೆ 4. ಪ್ರತಿ ಚೀಲದ ಮೇಲ್ಭಾಗ, ನಡು ಮತ್ತು ತಳದಿಂದ ತೆಗೆದು ಬೆರೆಸಿದ್ದು ಪ್ರಯೋಗಾಲಯಕ್ಕೆ ಹೋಗುತ್ತದೆ. ಆದರೆ ಈಗ ಹೇಳುವ ಅಗ್ಗದ ಪರೀಕ್ಷೆಯನ್ನು ಒಂಬತ್ತೂ ಚೀಲಗಳಿಗೆ ಮಾಡಬೇಕು. ಏಕೆಂದರೆ ಬೆರಕೆ ಎಲ್ಲ ಚೀಲಗಳಲ್ಲೂ ಸಮನಾಗಿ ಇರಬೇಕೆಂದೇನೂ ಇಲ್ಲ.

ಅರಿಶಿನಕ್ಕೆ ಸುಣ್ಣ ಸೇರಿಸಿದರೆ ಕೆಂಪಾಗುತ್ತದೆ ಎಂಬುದು ನಮ್ಮ ಮನೆಗಳಲ್ಲಿ ಆರತಿಯ ನೀರನ್ನು ಮಾಡುವವರೆಲ್ಲರಿಗೂ ಗೊತ್ತು. ಹೀಗೆ ಕೆಂಪಾಗುವುದು ಕರ್ಕ್ಯುಮಿನ್. ಪ್ರತಿ ಚೀಲದ ಹೋಳನ್ನು ಕುಟ್ಟಿ ಕಾಲು ಚಮಚ ಪುಡಿಯನ್ನು ಬಿಳಿ ಪಿಂಗಾಣಿ ಬಟ್ಟಲಿನಲ್ಲಿ ಹಾಕಿ ಸುಣ್ಣದ ತಿಳಿನೀರನ್ನು ಬೆರೆಸಬೇಕು. ಅಕ್ಕಪಕ್ಕದಲ್ಲಿ ಆಧಾರ ಮಾದರಿಯ ಒಂದು ಬಟ್ಟಲು, ಅಡುಗೆಯ ಅರಿಶಿನದ ಒಂದು ಬಟ್ಟಲು ಇರಬೇಕು. ಅಡುಗೆಯ ಅರಿಶಿನ ರಕ್ತಗೆಂಪಾಗುತ್ತದೆ. ಅಸಲಿ ಕಸ್ತೂರಿ ಅರಿಶಿನದಲ್ಲಿ ತೆಳುವಾದ ಛಾಯೆ ಮಾತ್ರ ಕಾಣುತ್ತದೆ. ಪೂರ್ಣ ಬಣ್ಣವಿಲ್ಲದಿರಬೇಕೆಂದು ನಿರೀಕ್ಷಿಸಬಾರದು. ಮಂಞಕ್ಕೂವದ ಹಳದಿ ಗೆಡ್ಡೆಯೂ ಕೆಂಪೇರುತ್ತದೆ. ಚೀಲದ ಮಾದರಿ ಈ ಎರಡು ಬಟ್ಟಲುಗಳಲ್ಲಿ ಯಾವುದಕ್ಕೆ ಹತ್ತಿರವಿದೆ ಎಂಬುದೇ ಉತ್ತರ.

ಈ ಪರೀಕ್ಷೆಯ ಮಿತಿಯೂ ತಿಳಿದಿರಬೇಕು. ಇದು ಕರ್ಕ್ಯುಮಿನ್ ಇರುವ ಗೆಡ್ಡೆಗಳನ್ನು ಮಾತ್ರ ಹಿಡಿಯುತ್ತದೆ. ಬಿಳಿಚಾದ ಮಾವಿನಶುಂಠಿ ಇದರಿಂದ ತಪ್ಪಿಸಿಕೊಳ್ಳಬಹುದು. ಅದನ್ನು ಹಿಡಿಯುವುದು ಮೂಗು. ಹೋಳನ್ನು ಮುರಿದು ಉಜ್ಜಿದಾಗ ಎಳೆ ಮಾವಿನಕಾಯಿಯ ವಾಸನೆ ಬಂದರೆ ಮಾವಿನಶುಂಠಿ, ಕರ್ಪೂರದ ವಾಸನೆ ಬಂದರೆ ಕಸ್ತೂರಿ ಅರಿಶಿನದ ಕಡೆ ಒಲವು. ಕೆಲವರು ಹಿಟ್ಟಿನ ಬೆರಕೆಯನ್ನು ಹಿಡಿಯಲು ಅಯೋಡಿನ್ ಹನಿಸುತ್ತಾರೆ. ಅದು ಇಲ್ಲಿ ನಿರುಪಯುಕ್ತ. ಗೆಡ್ಡೆಯಲ್ಲೇ ಪಿಷ್ಟ ತುಂಬಿರುವುದರಿಂದ ಅಸಲಿಯೂ ನೀಲಿಯಾಗುತ್ತದೆ.

ಪ್ರಯೋಗಾಲಯಕ್ಕೆ ಏನನ್ನು ಕೇಳಬೇಕು

‘ಗುಣಮಟ್ಟ ನೋಡಿ ಕೊಡಿ’ ಎಂದು ಮಾದರಿ ಕಳುಹಿಸಿದರೆ ತೇವಾಂಶ, ಬೂದಿಯ ಅಂಕಿಗಳು ಬರುತ್ತವೆ. ಅವು ಶುಚಿತ್ವವನ್ನು ಹೇಳುತ್ತವೆಯೇ ಹೊರತು ಜಾತಿಯನ್ನಲ್ಲ. ಆಮ್ಲದಲ್ಲಿ ಕರಗದ ಬೂದಿ ಹೆಚ್ಚಿದ್ದರೆ ಮರಳು ಸೇರಿದೆ ಎಂದರ್ಥ, ಅಷ್ಟೇ. ಜಾತಿಯನ್ನು ತಿಳಿಯಲು ಎರಡು ಪರೀಕ್ಷೆಗಳನ್ನು ಹೆಸರಿಸಿ ಕೇಳಬೇಕು.

ಒಂದು, ಸೂಕ್ಷ್ಮದರ್ಶಕ ಪರೀಕ್ಷೆ. ಅರಿಶಿನ ಕುಲದ ಪಿಷ್ಟದ ಕಣಗಳು ಚಪ್ಪಟೆಯಾಗಿದ್ದು ಅವುಗಳ ಕೇಂದ್ರಬಿಂದು ಒಂದು ತುದಿಯ ಕಡೆಗೆ ಇರುತ್ತದೆ; ಅಕ್ಕಿ, ಜೋಳದ ಪಿಷ್ಟದ ಕಣಗಳು ಹಲವು ಮೂಲೆಗಳುಳ್ಳವು. ಹೊರಗಿನ ಹಿಟ್ಟು ಹೀಗೆ ಸಿಕ್ಕಿಬೀಳುತ್ತದೆ. ಬೇಯಿಸಿದ ಅಡುಗೆಯ ಅರಿಶಿನದಲ್ಲಿ ಪಿಷ್ಟ ಬೆಂದು ಮುದ್ದೆಗಟ್ಟಿರುತ್ತದೆ. ಬೇಯಿಸದೆ ಒಣಗಿಸಿದ ನಮ್ಮ ಹೋಳಿನಲ್ಲಿ ಕಣಗಳು ಬಿಡಿಬಿಡಿಯಾಗಿ ಉಳಿದಿರಬೇಕು. ಮುದ್ದೆಗಳು ಕಂಡರೆ ಬೆಂದ ಅರಿಶಿನ ಸೇರಿದೆ, ಇಲ್ಲವೇ ನಮ್ಮ ಗೆಡ್ಡೆಯನ್ನೇ ಯಾರೋ ಬೇಯಿಸಿದ್ದಾರೆ.

ಎರಡು, ಎಚ್.ಪಿ.ಟಿ.ಎಲ್.ಸಿ. ಎಂಬ ಪಟ್ಟಿಕಾ ಪರೀಕ್ಷೆ. ಇದರಲ್ಲಿ ಸಾರದ ಘಟಕಗಳು ಒಂದು ಹಲಗೆಯ ಮೇಲೆ ಪಟ್ಟೆಗಳಾಗಿ ಬೇರ್ಪಡುತ್ತವೆ. ನಮ್ಮ ಆಧಾರ ಮಾದರಿಯನ್ನೂ ಜೊತೆಗೆ ಕಳುಹಿಸಿ, ಎರಡನ್ನೂ ಒಂದೇ ಹಲಗೆಯ ಮೇಲೆ ಓಡಿಸಿ ಚಿತ್ರ ಕೊಡುವಂತೆ ಕೇಳಬೇಕು. ಕರ್ಕ್ಯುಮಿನ್‌ನ ಪ್ರಮಾಣವನ್ನೂ ಅಳೆಸಿದರೆ ಬೆರಕೆಯ ಅಂದಾಜು ಸಿಗುತ್ತದೆ. ಆಧಾರ ಮಾದರಿಯಲ್ಲಿ ನೂರಕ್ಕೆ 0.1, ಅಡುಗೆಯ ಅರಿಶಿನದಲ್ಲಿ 3, ಬಂದ ಸರಕಿನಲ್ಲಿ 0.6 ಇದೆಯೆಂದುಕೊಳ್ಳೋಣ. ಸರಕಿನಲ್ಲಿ ಹೆಚ್ಚಾಗಿರುವುದು 0.5, ಎರಡು ಶುದ್ಧ ಮಾದರಿಗಳ ಅಂತರ 2.9. ಅರ್ಧವನ್ನು 2.9ರಿಂದ ಭಾಗಿಸಿದರೆ ನೂರಕ್ಕೆ ಸುಮಾರು 17 ಭಾಗ ಅಡುಗೆಯ ಅರಿಶಿನ ಬೆರೆತಿದೆ ಎಂದಾಯಿತು. ವ್ಯಾಪಾರಿಯೊಡನೆ ಮಾತನಾಡಲು ‘ಬಣ್ಣ ಸರಿಯಿಲ್ಲ’ ಎಂಬ ದೂರಿಗಿಂತ ಈ ಅಂಕಿ ಗಟ್ಟಿಯಾದ ಆಧಾರ.

ಇವಲ್ಲದೆ ಸೂಕ್ಷ್ಮಜೀವಿಗಳ ಎಣಿಕೆ ಮತ್ತು ಸೀಸದ ಪರೀಕ್ಷೆಯನ್ನು ಬಿಡಬಾರದು. ಗೆಡ್ಡೆ ಮಣ್ಣಿನೊಳಗೆ ಬೆಳೆದದ್ದು. ತೊಳೆಯುವುದು ಸಾಲದಿದ್ದರೆ ಸೂಕ್ಷ್ಮಜೀವಿಗಳು ಹೋಳಿನೊಡನೆ ಬರುತ್ತವೆ. ಅರಿಶಿನಕ್ಕೆ ಹೊಳಪು ಕೊಡಲು ಸೀಸದ ಕ್ರೋಮೇಟ್ ಬಳಸಿದ ಪ್ರಕರಣಗಳು ನೆರೆಯ ಬಾಂಗ್ಲಾದೇಶದಲ್ಲಿ ದಾಖಲಾಗಿವೆ. ಆಯುರ್ವೇದ ಮೂಲಿಕೆಗಳಿಗೆ ಸೀಸದ ಮಿತಿ ಹತ್ತು ಲಕ್ಷಕ್ಕೆ 10 ಭಾಗ. ಮುಖಕ್ಕೆ ಹಚ್ಚುವ ಸಾಮಗ್ರಿಗೆ ಇದೇ ಮಿತಿಯನ್ನು ಘಟಕ ತಾನೇ ವಿಧಿಸಿಕೊಳ್ಳುವುದು ಸುರಕ್ಷಿತ. 2020ರ ಸೌಂದರ್ಯವರ್ಧಕ ನಿಯಮಗಳಡಿ ಪರವಾನಗಿ ಪಡೆದ ತಯಾರಕರು ಕಚ್ಚಾ ಸಾಮಗ್ರಿಯ ಪ್ರತಿ ಲಾಟನ್ನೂ ಪರೀಕ್ಷಿಸಿ ದಾಖಲೆ ಇಡಬೇಕೆಂಬುದನ್ನೂ ಇಲ್ಲಿ ನೆನಪಿಸಬಹುದು.

ಕಡತ ಮತ್ತು ಪೊಟ್ಟಣ

ಸ್ವೀಕರಿಸಿದ ಪ್ರತಿ ಲಾಟಿಗೂ ಒಂದು ಸಂಖ್ಯೆ ಕೊಟ್ಟು, ಆ ಸಂಖ್ಯೆಯ ಕಡತದಲ್ಲಿ ರೈತನ ಅಥವಾ ವ್ಯಾಪಾರಿಯ ಹೆಸರು, ಕಟಾವಿನ ದಿನಾಂಕ, ಹೊಲದ ಚಿತ್ರ, ಬಟ್ಟಲು ಪರೀಕ್ಷೆಯ ಚಿತ್ರ, ಪ್ರಯೋಗಾಲಯದ ವರದಿ ಇಷ್ಟನ್ನು ಸೇರಿಸಬೇಕು. ಅದೇ ಲಾಟಿನ 100 ಗ್ರಾಂ ಹೋಳನ್ನು ಮುಚ್ಚಿದ ಸೀಸೆಯಲ್ಲಿ, ಅದರಿಂದ ತಯಾರಾದ ಉತ್ಪನ್ನದ ಬಳಕೆಯ ಅವಧಿ ಮುಗಿದು ಒಂದು ವರ್ಷದವರೆಗೆ ಇಟ್ಟಿರಬೇಕು. ದೂರು ಬಂದ ದಿನ ಮಾತನಾಡುವುದು ಈ ಸೀಸೆಯೇ.

ಪೊಟ್ಟಣದ ಮೇಲೆ ಸಸ್ಯಶಾಸ್ತ್ರೀಯ ಹೆಸರನ್ನು ಮುದ್ರಿಸಿ, ‘ಇದು ಅಡುಗೆಯ ಅರಿಶಿನವಲ್ಲ, ಇದರ ಬಣ್ಣ ತಿಳಿಯಾಗಿಯೇ ಇರುತ್ತದೆ, ಕಲೆ ಉಳಿಸುವುದಿಲ್ಲ’ ಎಂಬ ಒಂದು ಸಾಲನ್ನು ಸೇರಿಸುವುದು ಉಪಯುಕ್ತ. ಅಂಗಡಿಯವರಿಗೆ ಎರಡು ಬಟ್ಟಲುಗಳ ಸುಣ್ಣದ ಪರೀಕ್ಷೆಯನ್ನು ಒಮ್ಮೆ ಮಾಡಿ ತೋರಿಸಿದರೆ ಮುಂದೆ ಅವರೇ ಗ್ರಾಹಕರಿಗೆ ತೋರಿಸುತ್ತಾರೆ.

ನಾಟಿಗೆ ಮುನ್ನ ಲೆಕ್ಕ, ಸೆಪ್ಟೆಂಬರ್‌ನಲ್ಲಿ ಎಲೆ, ಫೆಬ್ರವರಿಯಲ್ಲಿ ಹೋಳು, ಗೋದಾಮಿನಲ್ಲಿ ಸುಣ್ಣದ ನೀರು, ಕೊನೆಗೆ ಪ್ರಯೋಗಾಲಯ ಎಂಬ ಅನುಕ್ರಮದಲ್ಲಿ ಮೊದಲ ನಾಲ್ಕಕ್ಕೆ ತಗಲುವ ವೆಚ್ಚ ಬಸ್ಸಿನ ಖರ್ಚಿಗಿಂತ ಹೆಚ್ಚೇನಲ್ಲ. ಅವುಗಳನ್ನು ಬಿಟ್ಟು ಐದನೆಯದನ್ನೇ ನಂಬಿದ ಘಟಕಕ್ಕೆ, ಸರಕು ತಪ್ಪೆಂದು ತಿಳಿಯುವ ಹೊತ್ತಿಗೆ ಹಂಗಾಮು ಮುಗಿದಿರುತ್ತದೆ. ಅಸಲಿ ಗೆಡ್ಡೆಗಾಗಿ ಮತ್ತೊಂದು ಫೆಬ್ರವರಿಯನ್ನು ಕಾಯಬೇಕಾಗುತ್ತದೆ. ಈ ವರ್ಷದ ಬಿತ್ತನೆಗೆ ಗೆಡ್ಡೆ ಹುಡುಕುವ ಸದಸ್ಯರು ಮೊದಲು ಆಧಾರ ಮಾದರಿಯನ್ನು ಸಿದ್ಧಪಡಿಸಿಕೊಂಡು, ಅನಂತರ ಬೆಲೆಯ ಮಾತಿಗೆ ಇಳಿಯುವುದು ಒಳ್ಳೆಯದು.